ಮೂವತ್ತೆರಡು ಚುಕ್ಕೆಗಳು, ಎರಡು ಕಾರ್ಖಾನೆಗಳು

ಹನ್ನೊಂದನೇ ತರಗತಿಯ ರಸಾಯನಶಾಸ್ತ್ರದ ವರ್ಕ್‌ಶೀಟುಗಳಲ್ಲಿ ತಪ್ಪದೇ ಬರುವ ಪ್ರಶ್ನೆಯೊಂದಿದೆ. ಎಡಗಡೆ ಹತ್ತು ಸಂಯುಕ್ತಗಳ ಹೆಸರು, ನಡುವೆ ಲೂಯಿಸ್ ರಚನೆ ಬಿಡಿಸಲು ಖಾಲಿ ಜಾಗ, ಬಲಗಡೆ ಎರಡು ಪೆಟ್ಟಿಗೆ: ಅಯಾನಿಕ, ಕೋವೇಲೆಂಟ್. ಎರಡರಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ನಮ್ಮ ಕಾಲದ ಕನ್ನಡ ಪಠ್ಯದಲ್ಲಿ ಎರಡನೆಯದನ್ನು ಸಹವೇಲೆನ್ಸೀಯ ಬಂಧ ಎನ್ನುತ್ತಿದ್ದರು. ಹೆಸರು ಯಾವುದಾದರೂ ಉತ್ತರ ಹುಡುಕಲು ಮಕ್ಕಳು ಬಳಸುವ ಸೂತ್ರ ಮಾತ್ರ ಅಂದಿಗೂ ಇಂದಿಗೂ ಒಂದೇ: ಲೋಹ ಮತ್ತು ಅಲೋಹ ಸೇರಿದರೆ ಅಯಾನಿಕ, ಅಲೋಹ ಅಲೋಹ ಸೇರಿದರೆ ಕೋವೇಲೆಂಟ್.

ಕೊಚ್ಚಿಯಲ್ಲಿ ಓದುವ ನನ್ನ ಮಗಳಿಗೆ ಬಂದ ಇಂಥದೊಂದು ಹಾಳೆಯಲ್ಲಿ ಅಮೋನಿಯಂ ಸಲ್ಫೇಟ್ ಇತ್ತು, ಟೈಟಾನಿಯಂ ಟೆಟ್ರಾಕ್ಲೋರೈಡ್ ಕೂಡ ಇತ್ತು. ಸೂತ್ರದ ಪ್ರಕಾರ ಮೊದಲನೆಯದರಲ್ಲಿ ಲೋಹವೇ ಇಲ್ಲ, ಆದ್ದರಿಂದ ಕೋವೇಲೆಂಟ್. ಎರಡನೆಯದರಲ್ಲಿ ಟೈಟಾನಿಯಂ ಲೋಹ, ಕ್ಲೋರಿನ್ ಅಲೋಹ, ಆದ್ದರಿಂದ ಅಯಾನಿಕ. ವಾಸ್ತವ ಎರಡರಲ್ಲೂ ತಿರುಗುಮುರುಗು. ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಈ ಎರಡೂ ವಸ್ತುಗಳು ಕೇರಳದಲ್ಲೇ, ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋಗುವ ಕರಾವಳಿಯ ಪಟ್ಟಿಯಲ್ಲೇ ತಯಾರಾಗುತ್ತವೆ. ಬಂಧ ಯಾವ ಬಗೆಯದು ಎಂಬುದು ಆ ಕಾರ್ಖಾನೆಗಳಿಗೆ ಅಂಕದ ಪ್ರಶ್ನೆಯಲ್ಲ. ಯಾವುದನ್ನು ಕರಗಿಸಬೇಕು, ಯಾವುದನ್ನು ಕುದಿಸಿ ಬೇರ್ಪಡಿಸಬೇಕು ಎಂಬುದೆಲ್ಲ ಅದರ ಮೇಲೇ ನಿಂತಿದೆ.

ಮೊದಲು ಆ ಎರಡು ಪೆಟ್ಟಿಗೆಗಳು ಎಲ್ಲಿಂದ ಬಂದವು ಎಂದು ನೋಡೋಣ. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1902ರಲ್ಲಿ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದಾಗ ಪರಮಾಣುವನ್ನು ಒಂದು ಘನವೆಂದು ಕಲ್ಪಿಸಿ, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಕೂರಿಸಿ ಚಿತ್ರ ಬರೆದುಕೊಂಡಿದ್ದ. ಅದನ್ನು ಬೆಳೆಸಿ ಪ್ರಕಟಿಸಿದ್ದು ಬರ್ಕ್ಲಿಗೆ ಬಂದ ಮೇಲೆ, 1916ರಲ್ಲಿ. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನನ್ನು ಹಂಚಿಕೊಳ್ಳುವುದೇ ಬಂಧ ಎಂಬ ಮಾತು ಅಲ್ಲಿ ಬಂತು, ನಾವಿಂದು ಬರೆಯುವ ಚುಕ್ಕೆಗಳೂ ಅಲ್ಲಿಂದಲೇ ಬಂದವು. ಅದೇ ವರ್ಷ ಜರ್ಮನಿಯಲ್ಲಿ ವಾಲ್ಟರ್ ಕೊಸ್ಸೆಲ್, ಒಂದು ಪರಮಾಣು ಎಲೆಕ್ಟ್ರಾನನ್ನು ಪೂರ್ತಿಯಾಗಿ ಬಿಟ್ಟುಕೊಟ್ಟು ಇನ್ನೊಂದು ಅದನ್ನು ಪಡೆದು, ಎರಡೂ ಅಯಾನುಗಳಾಗಿ ಪರಸ್ಪರ ಸೆಳೆಯುವ ಬಗೆಯನ್ನು ವಿವರಿಸಿದ. 1919ರಲ್ಲಿ ಅರ್ವಿಂಗ್ ಲ್ಯಾಂಗ್ಮ್ಯೂರ್ ಲೂಯಿಸನ ಹಂಚಿಕೆಗೆ ಕೋವೇಲೆನ್ಸ್ ಎಂಬ ಹೆಸರನ್ನು ಚಲಾವಣೆಗೆ ತಂದ. ಪಠ್ಯಪುಸ್ತಕಗಳು ಕೊಸ್ಸೆಲನದನ್ನು ಒಂದು ಪೆಟ್ಟಿಗೆಗೆ, ಲೂಯಿಸನದನ್ನು ಇನ್ನೊಂದಕ್ಕೆ ಹಾಕಿ ಮುಚ್ಚಿದವು.

ಆದರೆ ಲೂಯಿಸ್ ಸ್ವತಃ ಎರಡು ಪೆಟ್ಟಿಗೆಗಳನ್ನು ಒಪ್ಪಿದವನಲ್ಲ. ಹಂಚಿಕೊಂಡ ಜೋಡಿ ಸರಿಯಾಗಿ ನಡುವೆ ಇರಬಹುದು, ಒಂದು ಕಡೆಗೆ ಸ್ವಲ್ಪ ವಾಲಬಹುದು, ಹೆಚ್ಚು ವಾಲಬಹುದು, ಕೊನೆಗೆ ಪೂರ್ತಿಯಾಗಿ ಒಬ್ಬರ ಪಾಲಾಗಬಹುದು. ಅಯಾನಿಕ ಎನ್ನುವುದು ಆ ವಾಲುವಿಕೆಯ ಕೊನೆಯ ಘಟ್ಟ, ಬೇರೆಯೇ ಜಾತಿಯಲ್ಲ. ಇದು 1916ರ ಪ್ರಬಂಧದಲ್ಲೇ ಇರುವ ವಾದ. ಹಾಗೆಂದರೆ ಚುಕ್ಕೆಗಳ ಚಿತ್ರ ಒಂದು ಲೆಕ್ಕಪತ್ರ ಅಷ್ಟೆ. ಯಾವ ಎಲೆಕ್ಟ್ರಾನ್ ಯಾರ ಲೆಕ್ಕಕ್ಕೆ ಎಂದು ಅದು ಹೇಳುತ್ತದೆ, ಜೋಡಿ ಎಷ್ಟು ವಾಲಿದೆ ಎಂದು ಹೇಳುವುದಿಲ್ಲ. ಅದನ್ನು ವಸ್ತುವಿನ ನಡವಳಿಕೆಯಿಂದಲೇ ತಿಳಿಯಬೇಕು. ಆ ನಡವಳಿಕೆಯನ್ನು ನೋಡಲು ಮೊದಲು ಕೊಚ್ಚಿಗೆ ಹೋಗೋಣ.

ಕೊಚ್ಚಿ ನಗರದಿಂದ ಉತ್ತರಕ್ಕೆ, ಪೆರಿಯಾರ್ ದಡದ ಏಲೂರಿನಲ್ಲಿ ಉದ್ಯೋಗಮಂಡಲ್ ಎಂಬ ಕೈಗಾರಿಕಾ ಪ್ರದೇಶವಿದೆ. ಜನ 'ಫ್ಯಾಕ್ಟ್' ಎಂದೇ ಕರೆಯುವ ಫರ್ಟಿಲೈಸರ್ಸ್ ಅಂಡ್ ಕೆಮಿಕಲ್ಸ್ ತಿರುವಾಂಕೂರ್ ಕಂಪನಿ ಅಲ್ಲಿ 1943ರಲ್ಲಿ ಸ್ಥಾಪನೆಯಾಯಿತು. ಆ ವರ್ಷವನ್ನು ಗಮನಿಸಿ. ತಿರುವಾಂಕೂರು ಸಂಸ್ಥಾನ ಅನ್ನಕ್ಕೆ ಬರ್ಮಾದ ಅಕ್ಕಿಯನ್ನು ನೆಚ್ಚಿಕೊಂಡಿತ್ತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಯಿತು, ಅಕ್ಕಿ ನಿಂತಿತು, ಜನ ಹಸಿವಿಗೆ ಬಿದ್ದರು. ಇದ್ದ ಗದ್ದೆಯಲ್ಲೇ ಹೆಚ್ಚು ಬೆಳೆಯಬೇಕು, ಅದಕ್ಕೆ ಸಾರಜನಕದ ಗೊಬ್ಬರ ಬೇಕು. ಆಗ ಸಂಸ್ಥಾನದ ದಿವಾನರಾಗಿದ್ದವರು ಸಿ. ಪಿ. ರಾಮಸ್ವಾಮಿ ಅಯ್ಯರ್. ಮೈಸೂರಿನ ಪಕ್ಕದ ಬೆಳಗೊಳದಲ್ಲಿ ಅಷ್ಟರಲ್ಲೇ ಒಂದು ಸಣ್ಣ ಕಾರ್ಖಾನೆ ಅಮೋನಿಯಂ ಸಲ್ಫೇಟ್ ತಯಾರಿಸುತ್ತಿತ್ತು, ಆದರೆ ದೊಡ್ಡ ಪ್ರಮಾಣದ ಕಾರ್ಖಾನೆ ದೇಶದಲ್ಲಿ ಇರಲಿಲ್ಲ.

ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಬೇರೆ ಕಡೆ ಅದನ್ನು ಕಲ್ಲಿದ್ದಲಿನಿಂದ ಪಡೆಯುತ್ತಿದ್ದರು. ಈ ಕರಾವಳಿಯಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು? ಇದ್ದದ್ದು ಕಾಡು. ಹೀಗಾಗಿ ಏಲೂರಿನ ಮೊದಲ ಅಮೋನಿಯಾ ಹುಟ್ಟಿದ್ದು ಸೌದೆಯಿಂದ. ಸೌದೆಯನ್ನು ಕಡಿಮೆ ಗಾಳಿಯಲ್ಲಿ ಹಬೆಯೊಂದಿಗೆ ಕಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಬರುತ್ತವೆ. ಆ ಹೈಡ್ರೋಜನ್ನನ್ನು ಗಾಳಿಯ ಸಾರಜನಕದೊಂದಿಗೆ ಒತ್ತಡದಲ್ಲಿ ಸೇರಿಸಿ ಅಮೋನಿಯಾ ಮಾಡುವುದು. 1947ರಲ್ಲಿ ಉತ್ಪಾದನೆ ಶುರುವಾಯಿತು. ಮೂಟೆಯಲ್ಲಿ ಹೊರಬಿದ್ದ ಬಿಳಿ ಹರಳೇ ಅಮೋನಿಯಂ ಸಲ್ಫೇಟ್, (NH₄)₂SO₄.

ಈಗ ಚುಕ್ಕೆಗಳನ್ನು ಎಣಿಸೋಣ. ಅಮೋನಿಯಾದಲ್ಲಿ ನೈಟ್ರೋಜನ್ನಿನ ಐದು, ಮೂರು ಹೈಡ್ರೋಜನ್ನುಗಳ ಮೂರು, ಒಟ್ಟು ಎಂಟು ಎಲೆಕ್ಟ್ರಾನು. ಆರು ಎಲೆಕ್ಟ್ರಾನು ಮೂರು ಬಂಧಗಳಿಗೆ ಹೋದವು. ಉಳಿದ ಎರಡು ನೈಟ್ರೋಜನ್ನಿನ ತಲೆಯ ಮೇಲೆ ಯಾರೊಂದಿಗೂ ಹಂಚಿಕೊಳ್ಳದ ಜೋಡಿಯಾಗಿ ಕೂತಿವೆ. ಇದಕ್ಕೆ ಗಂಧಕಾಮ್ಲ ಸಿಕ್ಕಾಗ ಆಮ್ಲದಿಂದ ಒಂದು ಪ್ರೋಟಾನು, ಅಂದರೆ ಎಲೆಕ್ಟ್ರಾನನ್ನು ಹಿಂದೆ ಬಿಟ್ಟು ಬಂದ ಹೈಡ್ರೋಜನ್, ಆ ಜೋಡಿಯ ಮೇಲೆ ಬಂದು ಕೂರುತ್ತದೆ. ಈಗ ನಾಲ್ಕು ಬಂಧ, ಎಲೆಕ್ಟ್ರಾನು ಅದೇ ಎಂಟು, ಒಟ್ಟಾರೆ ಒಂದು ಧನ ಆವೇಶ. ಇದು ಅಮೋನಿಯಂ. ನಾಲ್ಕು ಬಂಧಗಳಲ್ಲಿ ಯಾವುದು ಆಮೇಲೆ ಬಂದದ್ದು ಎಂದು ಗುರುತಿಸಲು ಸಾಧ್ಯವಿಲ್ಲ, ನಾಲ್ಕೂ ಒಂದೇ ಥರ.

ಇದು ಇಂದು ಎರಡು ನಿಮಿಷದ ಲೆಕ್ಕ. ಹತ್ತೊಂಬತ್ತನೇ ಶತಮಾನದವರಿಗೆ ಇದು ದೊಡ್ಡ ಗಂಟಾಗಿತ್ತು. ಆಗ ಬಂಧವೆಂದರೆ ಒಂದು ಗೀಟು, ಪ್ರತಿ ಧಾತುವಿಗೂ ಇಷ್ಟೇ ಗೀಟು ಎಂದು ನಿಗದಿ. ನೈಟ್ರೋಜನ್ನಿಗೆ ಮೂರು ಎಂದರೆ ಅಮೋನಿಯಂ ಲವಣಗಳಿಗೆ ಲೆಕ್ಕ ತಾಳೆಯಾಗದು. ಕೆಲವರು ಅಲ್ಲಿ ನೈಟ್ರೋಜನ್ನಿಗೆ ಐದು ಗೀಟು ಕೊಟ್ಟರು. ಕೆಕುಲೆಯಂಥ ದೊಡ್ಡ ವಿಜ್ಞಾನಿಯೂ ಇದು ನಿಜವಾದ ಒಂದು ಸಂಯುಕ್ತವಲ್ಲ, ಅಮೋನಿಯಾ ಮತ್ತು ಆಮ್ಲದ ಅಣುಗಳು ಪಕ್ಕಪಕ್ಕ ಕೂತಿರುವುದು ಎಂದು ಬರೆದ. ಬಂಧವೆಂದರೆ ಗೀಟಲ್ಲ, ಒಂದು ಜೋಡಿ ಎಲೆಕ್ಟ್ರಾನು, ಆ ಜೋಡಿ ಎರಡೂ ಒಬ್ಬರ ಕಡೆಯಿಂದಲೇ ಬರಬಹುದು ಎಂದಾಗ ಗಂಟು ಬಿಚ್ಚಿಕೊಂಡಿತು.

ಇನ್ನು ಸಲ್ಫೇಟ್. ಗಂಧಕದ ಆರು, ನಾಲ್ಕು ಆಕ್ಸಿಜನ್ನುಗಳ ಇಪ್ಪತ್ನಾಲ್ಕು, ಹೊರಗಿಂದ ಬಂದ ಎರಡು: ಒಟ್ಟು ಮೂವತ್ತೆರಡು. ನಡುವೆ ಗಂಧಕ, ಸುತ್ತ ನಾಲ್ಕು ಆಕ್ಸಿಜನ್, ನಾಲ್ಕು ಬಂಧಗಳಿಗೆ ಎಂಟು, ಪ್ರತಿ ಆಕ್ಸಿಜನ್ನಿನ ಮೇಲೂ ಮೂರು ಜೋಡಿಯಂತೆ ಇಪ್ಪತ್ನಾಲ್ಕು. ಲೆಕ್ಕ ಮುಗಿಯಿತು. ಕೆಲವು ಪುಸ್ತಕಗಳು ಎರಡು ದ್ವಿಬಂಧ ಬರೆಯುತ್ತವೆ, ಆಗಲೂ ಚುಕ್ಕೆಗಳು ಮೂವತ್ತೆರಡೇ. ಈ ಮೂವತ್ತೆರಡನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಟಿಕ್ ಯಾವ ಪೆಟ್ಟಿಗೆಗೆ? ಅಮೋನಿಯಮ್ಮಿನ ಒಳಗೆ ಬಂಧಗಳೆಲ್ಲ ಕೋವೇಲೆಂಟ್, ಸಲ್ಫೇಟಿನ ಒಳಗೂ ಹಾಗೆಯೇ. ಎರಡು ಅಮೋನಿಯಂ ಮತ್ತು ಒಂದು ಸಲ್ಫೇಟನ್ನು ಹರಳಿನಲ್ಲಿ ಹಿಡಿದಿರುವುದು ಆವೇಶಗಳ ಸೆಳೆತ, ಅದು ಅಯಾನಿಕ. ಪ್ರಶ್ನೆಯನ್ನು ಇಡೀ ವಸ್ತುವಿನ ಬಗ್ಗೆ ಕೇಳಿದ್ದರೆ ಉತ್ತರ ಅಯಾನಿಕ. ಬಂಧಗಳ ಬಗ್ಗೆ ಕೇಳಿದ್ದರೆ ಎರಡೂ. ಲೋಹವನ್ನು ಹುಡುಕುವ ಸೂತ್ರ ಇಲ್ಲಿ ಸೋಲುವುದಕ್ಕೆ ಕಾರಣ, ಅದು ಒಂದೊಂದೇ ಪರಮಾಣುವನ್ನು ನೋಡುತ್ತದೆ. ಇಲ್ಲಿ ಆವೇಶ ಹೊತ್ತಿರುವುದು ಪರಮಾಣುವಲ್ಲ, ಗುಂಪು.

ಅದು ಗುಂಪೆಂದು ಗೊತ್ತಾಗುವುದು ಹೇಗೆ? ಪ್ರಯೋಗಶಾಲೆಯಲ್ಲಿ ಈ ಲವಣದ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹಾಕಿದರೆ ಆ ಕ್ಷಣವೇ ಬಿಳಿ ಗಸಿ ಕೂರುತ್ತದೆ. ಸಲ್ಫೇಟ್ ಇಡಿಯಾಗಿ ಬೇರಿಯಮ್ಮಿನ ಜೊತೆ ಹೋಗಿದೆ, ಗಂಧಕವಾಗಿ ಆಕ್ಸಿಜನ್ನಾಗಿ ಒಡೆದಿಲ್ಲ. ರೈತನಿಗೆ ಇನ್ನೂ ಸುಲಭದ ಪರೀಕ್ಷೆಯಿದೆ. ಕೇರಳದ ಹುಳಿ ಮಣ್ಣಿಗೆ ಸುಣ್ಣ ಹಾಕುವುದು ರೂಢಿ. ಸುಣ್ಣವನ್ನೂ ಅಮೋನಿಯಂ ಸಲ್ಫೇಟನ್ನೂ ಒಟ್ಟಿಗೆ ಬೆರೆಸಬೇಡಿ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಬೆರೆಸಿದರೆ ಮೂಗಿಗೆ ಹೊಡೆಯುವ ವಾಸನೆ ಏಳುತ್ತದೆ. ಸುಣ್ಣ ಅಮೋನಿಯಮ್ಮಿನಿಂದ ಆ ನಾಲ್ಕನೇ ಪ್ರೋಟಾನನ್ನು ಕಿತ್ತುಕೊಂಡಿತು, ಅಯಾನು ಮತ್ತೆ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಯಿತು, ಗೊಬ್ಬರಕ್ಕೆ ಕೊಟ್ಟ ದುಡ್ಡೂ ಅದರ ಹಿಂದೆ ಹೋಯಿತು.

ಅಯಾನು ಆಗಿರುವುದರಿಂದಲೇ ಅದು ಭತ್ತದ ಗೊಬ್ಬರವೂ ಹೌದು. ಜೇಡಿಮಣ್ಣಿನ ಕಣಗಳ ಮೇಲ್ಮೈಗೆ ಋಣ ಆವೇಶವಿದೆ. ಧನ ಆವೇಶದ ಅಮೋನಿಯಂ ಅದಕ್ಕೆ ಅಂಟಿಕೊಳ್ಳುತ್ತದೆ, ನೀರು ನಿಂತ ಗದ್ದೆಯಲ್ಲಿ ಬೇಗ ತೊಳೆದುಹೋಗುವುದಿಲ್ಲ. ನೈಟ್ರೇಟ್ ರೂಪದ ಸಾರಜನಕವಾದರೆ ಅದರ ಆವೇಶವೂ ಋಣ, ಮಣ್ಣು ಅದನ್ನು ಹಿಡಿಯದು. ಹಸಿದ ಸಂಸ್ಥಾನವೊಂದು ಸೌದೆ ಸುಟ್ಟು ಮಾಡಿದ ಈ ಉಪ್ಪು ಗದ್ದೆಯಲ್ಲಿ ನಿಲ್ಲುವುದಕ್ಕೆ ಆ ಒಂದು ಧನ ಆವೇಶವೇ ಕಾರಣ.

ಇಲ್ಲಿಂದ ದಕ್ಷಿಣಕ್ಕೆ ಹೋದರೆ ಕಡಲತೀರದ ಮರಳು ಕಪ್ಪಾಗುತ್ತದೆ. ಕೊಲ್ಲಂ ಜಿಲ್ಲೆಯ ನೀಂಡಕರ, ಚವರ ಸುತ್ತಿನ ಮರಳು, ಮತ್ತು ಆಗ ತಿರುವಾಂಕೂರಿನಲ್ಲಿದ್ದು ಈಗ ತಮಿಳುನಾಡಿಗೆ ಸೇರಿರುವ ಮಣವಾಳಕುರಿಚ್ಚಿಯ ಮರಳು. ಈ ತೀರದಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನ ಕಣಗಳನ್ನು ಕಂಡು, ಅದರ ಮೂಲ ಹುಡುಕುತ್ತ 1909ರಲ್ಲಿ ಮಣವಾಳಕುರಿಚ್ಚಿಗೆ ಬಂದವನು ಶೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ. ಅವನಿಗೆ ಬೇಕಾಗಿದ್ದದ್ದು ಗ್ಯಾಸ್ ದೀಪದ ಮ್ಯಾಂಟಲ್ಲಿಗೆ ಥೋರಿಯಂ ಕೊಡುವ ಮೊನಜೈಟ್. ಮರಳಿನ ಕಪ್ಪಿಗೆ ಕಾರಣವಾದ ಇಲ್ಮನೈಟ್ ಆಗ ಬೇಡವಾದ ಸರಕು. ಇಲ್ಮನೈಟ್ ಎಂದರೆ ಕಬ್ಬಿಣ, ಟೈಟಾನಿಯಂ, ಆಕ್ಸಿಜನ್ ಕೂಡಿದ ಖನಿಜ, FeTiO₃. ಟೈಟಾನಿಯಂ ಡೈಆಕ್ಸೈಡ್ ಬಿಳಿ ಬಣ್ಣವಾಗಿ ಬಳಕೆಗೆ ಬಂದ ಮೇಲೆ ಆ ಕಪ್ಪು ಮರಳಿಗೇ ಬೆಲೆ ಬಂತು. ಗೋಡೆಯ ಪೇಂಟು, ಕಾಗದ, ಪ್ಲಾಸ್ಟಿಕ್ಕು ಬೆಳ್ಳಗಿರುವುದು ಇದರಿಂದ.

ಕಪ್ಪು ಮರಳಿನಿಂದ ಬಿಳಿ ಪುಡಿ ತೆಗೆಯಬೇಕಾದರೆ ಕಬ್ಬಿಣವನ್ನು ಪೂರ್ತಿ ಬೇರ್ಪಡಿಸಬೇಕು, ಚೂರು ಉಳಿದರೂ ಬಿಳುಪಿಗೆ ಹಳದಿ ಬರುತ್ತದೆ. ಕೇರಳದಲ್ಲಿ ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ತಿರುವನಂತಪುರದ ಕೊಚ್ಚುವೇಳಿಯಲ್ಲಿರುವ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ ಹಿಡಿದ ದಾರಿ. ಕಂಪನಿ ಸ್ಥಾಪನೆಯಾದದ್ದು 1946ರಲ್ಲಿ. ಅಲ್ಲಿ ಇಲ್ಮನೈಟನ್ನು ಬಿಸಿ ಗಂಧಕಾಮ್ಲದಲ್ಲಿ ಕರಗಿಸುತ್ತಾರೆ. ಕಬ್ಬಿಣದ ಬಹುಪಾಲು ಹಸಿರು ಫೆರಸ್ ಸಲ್ಫೇಟಿನ ಹರಳಾಗಿ ಬೇರೆಯಾಗುತ್ತದೆ, ಉಳಿದ ದ್ರಾವಣವನ್ನು ಕುದಿಸಿದಾಗ ಟೈಟಾನಿಯಂ ಬಿಳಿ ಗಸಿಯಾಗಿ ಇಳಿಯುತ್ತದೆ, ಅದನ್ನು ತೊಳೆದು ಸುಟ್ಟರೆ ಬಿಳಿ ಪುಡಿ. ಇದು ಉಪ್ಪುಗಳನ್ನು ನೀರಿನಲ್ಲಿ ವಿಂಗಡಿಸುವ ದಾರಿ. ಇದರ ತೊಂದರೆಯೂ ನೀರೇ. ಕೊನೆಗೆ ಕಬ್ಬಿಣ ಬೆರೆತ ದುರ್ಬಲ ಆಮ್ಲ ರಾಶಿಗಟ್ಟಲೆ ಉಳಿಯುತ್ತದೆ, ಅದನ್ನೇನು ಮಾಡುವುದು ಎಂಬುದು ಈ ವಿಧಾನ ಇರುವಲ್ಲೆಲ್ಲ ಇರುವ ತಲೆನೋವು.

ಎರಡನೆಯದು ಚವರದ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ 1980ರ ದಶಕದಲ್ಲಿ ಹಿಡಿದ ದಾರಿ. ಕಬ್ಬಿಣದ ಹೆಚ್ಚಿನ ಭಾಗವನ್ನು ಮೊದಲೇ ತೆಗೆದ ಇಲ್ಮನೈಟನ್ನು ಪೆಟ್ರೋಲಿಯಂ ಕೋಕ್ ಜೊತೆ ಸೇರಿಸಿ, ಸುಮಾರು 900 ಡಿಗ್ರಿಯಲ್ಲಿ ಕ್ಲೋರಿನ್ ಅನಿಲ ಹಾಯಿಸುತ್ತಾರೆ. ಟೈಟಾನಿಯಂ ಆವಿಯಾಗಿ ಎದ್ದು ಬರುತ್ತದೆ. ತಣ್ಣಗಾದರೆ ಅದು ನೀರಿನಂತೆ ತಿಳಿಯಾದ ದ್ರವ. ಅದೇ ಟೈಟಾನಿಯಂ ಟೆಟ್ರಾಕ್ಲೋರೈಡ್, TiCl₄, ಕಾರ್ಖಾನೆಯವರ ಬಾಯಲ್ಲಿ 'ಟಿಕಲ್'. ಲೋಹದ ಕ್ಲೋರೈಡ್ ಎಂದರೆ ಉಪ್ಪಿನಂಥ ಹರಳು ಎಂದು ತಿಳಿದವರಿಗೆ ಇದೊಂದು ಅಚ್ಚರಿ. ಇದು ಕುದಿಯುವುದು 136 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಟ್ಟಿಯಾಗಬೇಕಾದರೆ ಸೊನ್ನೆಗಿಂತ 24 ಡಿಗ್ರಿ ಕೆಳಗಿಳಿಯಬೇಕು. ಅಡುಗೆ ಉಪ್ಪು ಕರಗುವುದೇ 801 ಡಿಗ್ರಿಯಲ್ಲಿ.

ಇದರ ಚುಕ್ಕೆಗಳನ್ನು ಎಣಿಸಿ. ಟೈಟಾನಿಯಮ್ಮಿನ ನಾಲ್ಕು, ನಾಲ್ಕು ಕ್ಲೋರಿನ್ನುಗಳ ಇಪ್ಪತ್ತೆಂಟು: ಮೂವತ್ತೆರಡು. ನಡುವೆ ಒಂದು, ಸುತ್ತ ನಾಲ್ಕು, ಪ್ರತಿಯೊಂದರ ಮೇಲೂ ಮೂರು ಜೋಡಿ. ಸಲ್ಫೇಟಿನ ಚಿತ್ರವೇ. ಎರಡಕ್ಕೂ ಆಕಾರವೂ ಒಂದೇ, ನಾಲ್ಕು ಮೂಲೆಯ ಟೆಟ್ರಾಹೆಡ್ರನ್. ವ್ಯತ್ಯಾಸ ಒಂದೇ ಒಂದು: ಸಲ್ಫೇಟಿಗೆ ಎರಡು ಋಣ ಆವೇಶವಿದೆ, ಇದಕ್ಕೆ ಯಾವ ಆವೇಶವೂ ಇಲ್ಲ. ಸಲ್ಫೇಟ್ ಜೊತೆಗಾರರನ್ನು ಸೆಳೆದು ಹರಳಾಗುತ್ತದೆ. ಇದು ಒಂಟಿ ಅಣುವಾಗಿ ಅಲೆಯುತ್ತದೆ, ಪಕ್ಕದ ಅಣುವಿನೊಂದಿಗೆ ಬಲವಾದ ನಂಟಿಲ್ಲ, ಅದಕ್ಕೇ ಬೇಗ ಕುದಿಯುತ್ತದೆ.

ಆದರೆ ಮಗುವೊಂದು ಕೇಳಬಹುದು: ಟೈಟಾನಿಯಂ ನಾಲ್ಕೂ ಎಲೆಕ್ಟ್ರಾನುಗಳನ್ನು ಕ್ಲೋರಿನ್ನಿಗೆ ಕೊಟ್ಟುಬಿಟ್ಟು ಅಯಾನು ಯಾಕಾಗಬಾರದು? ಮೆಗ್ನೀಸಿಯಂ ಎರಡನ್ನು ಕೊಡುವುದಿಲ್ಲವೇ? ಇದಕ್ಕೆ ಕಾಸಿಮಿರ್ ಫಜಾನ್ಸ್ 1923ರಲ್ಲಿ ದಾರಿ ತೋರಿಸಿದ. ಧನ ಅಯಾನು ಚಿಕ್ಕದಿದ್ದಷ್ಟೂ, ಅದರ ಆವೇಶ ಹೆಚ್ಚಿದ್ದಷ್ಟೂ, ಎದುರಿನ ಋಣ ಅಯಾನು ದೊಡ್ಡದಿದ್ದಷ್ಟೂ, ಅದರ ಎಲೆಕ್ಟ್ರಾನು ಮೋಡವನ್ನು ಇದು ತನ್ನ ಕಡೆಗೆ ಎಳೆದು ಹಂಚಿಕೆಯಾಗಿಸುತ್ತದೆ. ಖರ್ಚಿನ ಲೆಕ್ಕದಲ್ಲಿ ನೋಡಿದರೂ ಅದೇ. ಒಂಟಿ ಮೆಗ್ನೀಸಿಯಂ ಪರಮಾಣುವಿನಿಂದ ಎರಡು ಎಲೆಕ್ಟ್ರಾನು ಕೀಳಲು ಸುಮಾರು 23 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಟೈಟಾನಿಯಮ್ಮಿನಿಂದ ನಾಲ್ಕು ಕೀಳಲು ಸುಮಾರು 91 ಬೇಕು. ಅಷ್ಟು ಖರ್ಚು ಮಾಡಿ ಹುಟ್ಟಿದ ನಾಲ್ಕು ಆವೇಶದ ಪುಟ್ಟ ಅಯಾನು, ಪಕ್ಕದಲ್ಲೇ ಇರುವ ಕ್ಲೋರೈಡಿನಿಂದ ಎಲೆಕ್ಟ್ರಾನನ್ನು ವಾಪಸ್ ಎಳೆಯದೆ ಸುಮ್ಮನಿರುವುದಿಲ್ಲ.

ಅದೇ ಟೈಟಾನಿಯಂ ಆಕ್ಸಿಜನ್ ಜೊತೆ ಸೇರಿದರೆ 1800 ಡಿಗ್ರಿ ದಾಟಿದರೂ ಕರಗದ ಘನವಸ್ತು. ಆಕ್ಸೈಡ್ ಅಯಾನು ಚಿಕ್ಕದು, ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಜೊತೆಗೆ ಅಲ್ಲಿ ಬಿಡಿ ಅಣುಗಳೂ ಇಲ್ಲ, ಹರಳಿನುದ್ದಕ್ಕೂ ಒಂದಕ್ಕೊಂದು ಹೆಣೆದುಕೊಂಡಿವೆ. ಹಾಗಾಗಿ 'ಟೈಟಾನಿಯಂ ಯಾವ ಬಂಧ ಮಾಡುತ್ತದೆ' ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾರ ಜೊತೆ ಎಂದು ಕೇಳಬೇಕು.

ಅಣುವಾಗಿರುವುದರ ಲಾಭವನ್ನು ಚವರದ ಕಾರ್ಖಾನೆ ಪೂರ್ತಿಯಾಗಿ ಪಡೆಯುತ್ತದೆ. ಜೊತೆಗೆ ಎದ್ದು ಬಂದ ಕಬ್ಬಿಣದ ಕ್ಲೋರೈಡ್ ಇನ್ನೂ ಹೆಚ್ಚು ಬಿಸಿಯಲ್ಲೇ ಗಟ್ಟಿಯಾಗಿ ಹಿಂದುಳಿಯುತ್ತದೆ, ಟಿಕಲ್ ಮುಂದೆ ಹೋಗುತ್ತದೆ. ಕಬ್ಬಿಣವನ್ನು ತೊಳೆದು ತೆಗೆಯಬೇಕಿಲ್ಲ, ಭಟ್ಟಿ ಇಳಿಸಿದರಾಯಿತು. ಆದರೆ ಒಂದು ಕಳ್ಳ ಮಾತ್ರ ಜೊತೆಗೇ ಬರುತ್ತಾನೆ. ಖನಿಜದಲ್ಲಿ ಸ್ವಲ್ಪ ವನೇಡಿಯಂ ಇರುತ್ತದೆ, ಅದು VOCl₃ ಆಗಿ ಸುಮಾರು 127 ಡಿಗ್ರಿಯಲ್ಲಿ ಕುದಿಯುತ್ತದೆ. 136ಕ್ಕೆ ಇದು ತೀರ ಹತ್ತಿರ, ಬರೀ ಭಟ್ಟಿಯಿಂದ ಬಿಡಿಸುವುದು ಕಷ್ಟ. ಬಣ್ಣವೇ ಗುಟ್ಟು ರಟ್ಟು ಮಾಡುತ್ತದೆ: ಶುದ್ಧ ಟಿಕಲ್‌ಗೆ ಬಣ್ಣವಿಲ್ಲ, ಹಳದಿ ಛಾಯೆ ಕಂಡರೆ ವನೇಡಿಯಂ ಇದೆ ಎಂದೇ ಅನುಮಾನಿಸಬೇಕು. ಅದನ್ನು ಬೇರೆ ರಾಸಾಯನಿಕ ಉಪಚಾರದಿಂದ ಮೊದಲು ಕುದಿಯದ ರೂಪಕ್ಕೆ ತಂದು, ಆಮೇಲೆ ಭಟ್ಟಿ ಇಳಿಸುತ್ತಾರೆ.

ಶುದ್ಧ ಟಿಕಲ್‌ನ ಮುಂದೆ ಎರಡು ಹಾದಿ. ಆಕ್ಸಿಜನ್ನಿನಲ್ಲಿ ಉರಿಸಿದರೆ ಬಿಳಿ ಬಣ್ಣ, ಕ್ಲೋರಿನ್ ವಾಪಸ್. ಇನ್ನೊಂದು ಹಾದಿ ತಿರುವನಂತಪುರದ ತುಂಬಾಕ್ಕೆ ಹೋಗುತ್ತದೆ. 1963ರ ನವೆಂಬರ್ 21ರಂದು ನಮ್ಮ ದೇಶದ ನೆಲದಿಂದ ಮೊದಲ ರಾಕೆಟ್ ಹಾರಿದ ಜಾಗ ಅದು, ಈಗಿನ ವಿಕ್ರಂ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ಇರುವ ಜಾಗ. ಅಧಿಕ ಒತ್ತಡದ ಅನಿಲ ತುಂಬುವ ರಾಕೆಟ್ಟಿನ ಗುಂಡುಗಳಿಗೆ ಹಗುರವೂ ಗಟ್ಟಿಯೂ ಆದ ಟೈಟಾನಿಯಂ ಮಿಶ್ರಲೋಹ ಬೇಕು. ಮರಳು ನಮ್ಮಲ್ಲೇ ಇದ್ದರೂ ಲೋಹವನ್ನು ಹೊರಗಿಂದ ತರಿಸಬೇಕಿತ್ತು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾಲಯದ ತಂತ್ರಜ್ಞಾನ, ಬಾಹ್ಯಾಕಾಶ ಕೇಂದ್ರದ ನೆರವಿನಿಂದ ಚವರದಲ್ಲೇ ವರ್ಷಕ್ಕೆ 500 ಟನ್ ಸಾಮರ್ಥ್ಯದ ಟೈಟಾನಿಯಂ ಸ್ಪಾಂಜ್ ಘಟಕ 2011ರಲ್ಲಿ ಶುರುವಾಯಿತು.

ಅಲ್ಲಿನ ಮುಖ್ಯ ಹೆಜ್ಜೆ, ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ ಕಂಡುಹಿಡಿದ ಕ್ರಿಯೆ. ಅದೊಂದೇ ಸಾಲಿನಲ್ಲಿ ವರ್ಕ್‌ಶೀಟಿನ ಎರಡೂ ಪೆಟ್ಟಿಗೆಗಳು ಕೂತಿವೆ:

TiCl₄ + 2Mg → Ti + 2MgCl₂

ಉಕ್ಕಿನ ಪಾತ್ರೆಯಲ್ಲಿ ಆರ್ಗಾನ್ ಅನಿಲದ ಕೆಳಗೆ ಮೆಗ್ನೀಸಿಯಂ ಕರಗಿರುತ್ತದೆ, ಬಿಸಿ 800 ಡಿಗ್ರಿಗೂ ಮೇಲೆ. ಮೇಲಿಂದ ಟಿಕಲ್ ಇಳಿಯುತ್ತದೆ. ಕ್ಲೋರಿನ್ ಟೈಟಾನಿಯಮ್ಮನ್ನು ಬಿಟ್ಟು ಮೆಗ್ನೀಸಿಯಮ್ಮಿಗೆ ಹೋಗುತ್ತದೆ, ಟೈಟಾನಿಯಂ ತೂತುತೂತಾದ ಸ್ಪಾಂಜಿನಂತೆ ಉಳಿಯುತ್ತದೆ. ಎರಡೂ ಲೋಹದ ಕ್ಲೋರೈಡುಗಳೇ. ಒಂದು 136 ಡಿಗ್ರಿಯಲ್ಲೇ ಆವಿ. ಇನ್ನೊಂದು 714 ಡಿಗ್ರಿಯಲ್ಲಿ ಕರಗಿ, ಆ ಬಿಸಿಯಲ್ಲೂ ದ್ರವವಾಗಿಯೇ ತಳಕ್ಕಿಳಿದು ಕೂರುತ್ತದೆ, ಕೆಳಗಿನಿಂದ ಹರಿಸಿ ತೆಗೆಯಬಹುದು. ಹಾಗೆ ತೆಗೆದ ಮೆಗ್ನೀಸಿಯಂ ಕ್ಲೋರೈಡ್ ಕರಗಿದ ಸ್ಥಿತಿಯಲ್ಲಿ ವಿದ್ಯುತ್ ಹರಿಸುತ್ತದೆ, ಏಕೆಂದರೆ ಅದರಲ್ಲಿ ಓಡಾಡುವ ಅಯಾನುಗಳಿವೆ. ವಿದ್ಯುತ್ ಹಾಯಿಸಿ ಮೆಗ್ನೀಸಿಯಂ ಮತ್ತು ಕ್ಲೋರಿನ್ ಎರಡನ್ನೂ ಮರಳಿ ಪಡೆಯಬಹುದು. ಟಿಕಲ್‌ನೊಂದಿಗೆ ಈ ಆಟ ನಡೆಯದು. ಅಯಾನುಗಳೇ ಇಲ್ಲದ ಆ ದ್ರವ ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಅದಕ್ಕೇ ಟೈಟಾನಿಯಮ್ಮನ್ನು ಪಡೆಯಲು ಮೆಗ್ನೀಸಿಯಂ ಸುಡುವ ಈ ಸುತ್ತುದಾರಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ವಿದ್ಯುತ್ ಪರೀಕ್ಷೆಯನ್ನು ನೀರಿನಲ್ಲಿ ಮಾಡಿದರೆ ಮೋಸಹೋಗುತ್ತೇವೆ. ಟಿಕಲ್ ತೇವದ ಗಾಳಿ ಸೋಕಿದರೇ ದಟ್ಟ ಬಿಳಿ ಹೊಗೆ ಕಾರುತ್ತದೆ, ಒಂದು ಕಾಲದಲ್ಲಿ ಸೈನ್ಯದವರು ಇದನ್ನು ಹೊಗೆಪರದೆಗೆ ಬಳಸುತ್ತಿದ್ದರು. ನೀರು ಸೇರಿದಾಗ ಅದು ಟೈಟಾನಿಯಂ ಡೈಆಕ್ಸೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲವಾಗಿ ಒಡೆಯುತ್ತದೆ, ಆಮ್ಲ ವಿದ್ಯುತ್ ಹರಿಸುತ್ತದೆ. ಬಲ್ಬ್ ಉರಿಯಿತು, ಅದ್ದರಿಂದ ಅಯಾನಿಕ ಎಂದು ಬರೆದರೆ ತಪ್ಪು, ಆ ಅಯಾನುಗಳು ನೀರು ಸೇರಿದ ಮೇಲೆ ಹುಟ್ಟಿದವು. ಶುದ್ಧ ವಸ್ತುವನ್ನು ಕರಗಿಸಿ ಅಥವಾ ದ್ರವವಾಗಿರುವಾಗಲೇ ಪರೀಕ್ಷಿಸಬೇಕು. ಅಮೋನಿಯಂ ಸಲ್ಫೇಟಿನಂಥದ್ದು ಕಾಯಿಸಿದರೆ ಅಮೋನಿಯಾ ಬಿಟ್ಟು ಒಡೆಯುವುದರಿಂದ ಆ ಪರೀಕ್ಷೆಯೂ ಅದಕ್ಕೆ ಸರಿಹೋಗದು. ಅಲ್ಲಿ ಬೇರಿಯಂ ಮತ್ತು ಸುಣ್ಣ ಹೇಳುವ ಸಾಕ್ಷಿಯನ್ನೇ ಕೇಳಬೇಕು.

ಸಾಕ್ಷಿ ಸಿಗದಿದ್ದಾಗ ಬಳಸುವ ಇನ್ನೊಂದು ಅಳತೆ ಲೈನಸ್ ಪಾಲಿಂಗ್ 1932ರಲ್ಲಿ ಕೊಟ್ಟ ಎಲೆಕ್ಟ್ರೋನೆಗೆಟಿವಿಟಿ. ಎಲೆಕ್ಟ್ರಾನನ್ನು ಎಳೆಯುವ ಶಕ್ತಿಗೆ ಕೊಟ್ಟ ಅಂಕ ಅದು. ಎರಡು ಪರಮಾಣುಗಳ ಅಂಕದ ವ್ಯತ್ಯಾಸ 1.7 ದಾಟಿದರೆ ಅಯಾನಿಕ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕ್ಲೋರಿನ್ 3.16, ಮೆಗ್ನೀಸಿಯಂ 1.31, ವ್ಯತ್ಯಾಸ 1.85, ಟೈಟಾನಿಯಂ 1.54, ವ್ಯತ್ಯಾಸ 1.62. ಎರಡೂ ಸರಿಯಾದ ಪೆಟ್ಟಿಗೆಗೇ ಬಿದ್ದವು. ಆದರೆ ಹೈಡ್ರೋಜನ್ ಫ್ಲೋರೈಡಿಗೆ 1.78 ಬರುತ್ತದೆ, ಅದು ಸೆಕೆಯ ದಿನ ಆವಿಯಾಗಿ ಹಾರುವ ಕೋವೇಲೆಂಟ್ ಅಣು. ಲಿಥಿಯಂ ಅಯೋಡೈಡಿಗೆ 1.68, ಅದು ಅಯಾನಿಕ ಉಪ್ಪು. ಅಮೋನಿಯಂ ಸಲ್ಫೇಟಿನಲ್ಲಿ ಯಾರಿಂದ ಯಾರನ್ನು ಕಳೆಯಬೇಕೆಂದೇ ತಿಳಿಯದು. 1.7 ಎಂಬ ಗೀಟು ನಾವು ಎಳೆದದ್ದು. 1.62 ಮತ್ತು 1.85ರ ನಡುವೆ ಪ್ರಪಂಚ ಬದಲಾಗಿಲ್ಲ, ಜೋಡಿ ಇನ್ನೊಂದಿಷ್ಟು ವಾಲಿದೆ. ಲೂಯಿಸ್ ಹೇಳಿದ್ದೂ ಅದನ್ನೇ.

ಹಾಗೆಂದು ಪೆಟ್ಟಿಗೆಗಳನ್ನು ಬಿಸಾಡಬೇಕಿಲ್ಲ, ಪರೀಕ್ಷೆಯಲ್ಲಿ ಟಿಕ್ ಹಾಕಲೇಬೇಕು. ಕ್ರಮವನ್ನು ಮಾತ್ರ ಬದಲಿಸಿಕೊಳ್ಳಬಹುದು. ಮೊದಲು, ಅಮೋನಿಯಂ, ಸಲ್ಫೇಟ್, ನೈಟ್ರೇಟ್, ಕಾರ್ಬೊನೇಟಿನಂಥ ಆವೇಶ ಹೊತ್ತ ಗುಂಪು ಇದೆಯೇ ಎಂದು ನೋಡುವುದು. ಇದ್ದರೆ ಲೋಹ ಇರಲಿ ಬಿಡಲಿ ಅಯಾನಿಕ, ಗುಂಪಿನ ಒಳಗೆ ಕೋವೇಲೆಂಟ್. ಇಲ್ಲದಿದ್ದರೆ, ಲೋಹ ಎಷ್ಟು ಎಲೆಕ್ಟ್ರಾನು ಕೊಡಬೇಕಾಗುತ್ತದೆ ಎಂದು ಎಣಿಸುವುದು. ಒಂದೋ ಎರಡೋ ಆದರೆ ಸಾಮಾನ್ಯವಾಗಿ ಅಯಾನಿಕ ಎನ್ನಬಹುದು, ಮೂರು ನಾಲ್ಕಾದರೆ ಎದುರಿಗಿರುವುದು ದೊಡ್ಡ ಅಯಾನೋ ಚಿಕ್ಕದೋ ಎಂದು ಕೇಳಬೇಕು. ಕೊನೆಗೆ, ಆ ವಸ್ತು ಕೋಣೆಯ ಬಿಸಿಯಲ್ಲಿ ಹರಳೋ, ದ್ರವವೋ, ಅನಿಲವೋ, ಕರಗಿದಾಗ ವಿದ್ಯುತ್ ಹರಿಸುತ್ತದೆಯೋ ಇಲ್ಲವೋ ಎಂಬುದರ ಜೊತೆ ಉತ್ತರವನ್ನು ತಾಳೆ ನೋಡುವುದು. ಚುಕ್ಕೆಗಳನ್ನು ಬಿಡಿಸುವುದಕ್ಕೆ ಮೊದಲು ಇಷ್ಟು ಮಾಡಿಕೊಂಡರೆ ಆವರಣ ಹಾಕಿ ಆವೇಶ ಬರೆಯಬೇಕೋ, ನಡುವೆ ಜೋಡಿ ಇಡಬೇಕೋ ಎಂಬುದು ತಾನಾಗಿಯೇ ತಿಳಿಯುತ್ತದೆ.